ಸವಳೋ, ಕ್ಷಾರವೋ, ಇಎಸ್‌ಪಿಯೋ: ಸಂಶೋಧನಾ ಸಾರಾಂಶವನ್ನು ರೈತರ ಕನ್ನಡಕ್ಕೆ ತರುವಾಗ

ಪ್ರಶ್ನೆ: ನಮಸ್ಕಾರ ಸರ್. ನಾನು ಮುಧೋಳ ತಾಲ್ಲೂಕಿನಾಕಿ, ಮಣ್ಣು ವಿಜ್ಞಾನದಾಗ ಎಂ.ಎಸ್ಸಿ. ಮುಗಿಸೀನಿ. ಕೆಟ್ಟ ಕಬ್ಬಿನ ಹೊಲಕ್ಕ ಜಿಪ್ಸಮ್ ಹಾಕಿ ಸುಧಾರಿಸೋದರ ಮ್ಯಾಲ ನನ್ನ ಪ್ರಬಂಧ. ಅದರ ಸಾರಾಂಶಾನ ರೈತರ ಮಾಸಪತ್ರಿಕೆಗೆ ಒಂದು ಪುಟದಾಗ ಕನ್ನಡದಾಗ ಬರದು ಕೊಡ್ರಿ ಅಂದಾರ. ನಮ್ಮ ಗೈಡ್ ಸರ್ ಇಎಸ್‌ಪಿ ಅನ್ನೋದಕ್ಕ ‘ವಿನಿಮಯಶೀಲ ಸೋಡಿಯಂ ಶೇಕಡಾಂಶ’ ಅಂತ ಶುದ್ಧ ಕನ್ನಡದಾಗ ಬರಿ ಅಂತಾರ. ನಮ್ಮ ಅಪ್ಪಾರು ಅದನ್ನ ಓದಿ, ‘ಇದಕ್ಕಿಂತ ಇಂಗ್ಲಿಷೇ ಚಲೋ ಇತ್ತಲ್ಲವ್ವಾ’ ಅಂದ್ರು. ಕನ್ನಡ ಪದ ಕಟ್ಟಬೇಕೋ, ಇಂಗ್ಲಿಷ್ ಪದಾನೇ ಬಿಡಬೇಕೋ? ಒಂದು ನಿಯಮ ಹೇಳ್ರಿ.

ಉತ್ತರ: ನಿಯಮ ಒಂದೇ ಬೇಕೆಂದರೆ ಇದನ್ನು ಇಟ್ಟುಕೊಳ್ಳಿ. ಪ್ರತಿ ಪಾರಿಭಾಷಿಕ ಪದದ ಮುಂದೆ ನಿಂತು ಕೇಳಿ: ನನ್ನ ಲೇಖನ ಮಡಚಿಟ್ಟ ಮೇಲೆ ರೈತರು ಈ ಪದವನ್ನು ಮತ್ತೆ ಎಲ್ಲಿ ನೋಡುತ್ತಾರೆ, ಯಾರ ಮುಂದೆ ಹೇಳಬೇಕಾಗುತ್ತದೆ? ಗೊಬ್ಬರದ ಅಂಗಡಿಯಲ್ಲಿ, ಮಣ್ಣಿನ ಕಾರ್ಡಿನ ಮೇಲೆ, ರೈತ ಸಂಪರ್ಕ ಕೇಂದ್ರದಲ್ಲಿ, ಪ್ರಯೋಗಾಲಯದ ಕಿಟಕಿಯಲ್ಲಿ ಯಾವ ಪದ ನಡೆಯುತ್ತದೋ ಅದನ್ನೇ ಇಡಿ. ಅದು ಇಂಗ್ಲಿಷಾದರೂ ಸರಿ, ಕಟ್ಟಿದ್ದಾದರೂ ಸರಿ, ಮರಾಠಿಯಿಂದ ಬಂದದ್ದಾದರೂ ಸರಿ. ಎಲ್ಲಿಯೂ ಮತ್ತೆ ಎದುರಾಗದ ಪದವಾದರೆ ಅದಕ್ಕೆ ಹೆಸರೇ ಬೇಡ, ಅದು ಮಾಡುವ ಕೆಲಸವನ್ನು ಹೇಳಿದರೆ ಸಾಕು. ಗೊಬ್ಬರದ ಮಾತನ್ನೇ ನೋಡಿ. ಸಾರಜನಕ, ರಂಜಕ, ಪೊಟ್ಯಾಷ್ ಅಂತ ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಮೊದಲೆರಡು ಕಟ್ಟಿದ ಪದ, ಮೂರನೆಯದು ಎರವಲು. ಪೊಟ್ಯಾಷ್‌ಗೂ ಒಂದು ಕನ್ನಡ ಕಟ್ಟೋಣ ಎಂದು ಇಂದು ಯಾರಾದರೂ ಹೊರಟರೆ ಅಂಗಡಿಯವನಿಗೇ ತಿಳಿಯುವುದಿಲ್ಲ. ಸಾರಜನಕ ಬಿಟ್ಟು ನೈಟ್ರೋಜನ್ ಅನ್ನೋಣ ಎಂದರೂ ಅಷ್ಟೇ ತೊಡಕು.

ಗೈಡ್ ಸರ್ ಹೇಳಿದ್ದೂ ತಪ್ಪಲ್ಲ. ಪಠ್ಯಪುಸ್ತಕಕ್ಕೆ ಒಂದೊಂದು ಪರಿಕಲ್ಪನೆಗೆ ಒಂದೊಂದು ಸ್ಥಿರ ಪದ ಬೇಕು, ವಿದ್ಯಾರ್ಥಿ ಅದನ್ನು ನೂರು ಸಲ ಬಳಸುತ್ತಾನೆ. ಮಾಸಪತ್ರಿಕೆಯ ಓದುಗ ಒಂದೇ ಸಲ ಓದುತ್ತಾನೆ. ಹೊಸ ಪದ ಕಲಿಯುವ ಶ್ರಮಕ್ಕೆ ಅಲ್ಲಿ ಫಲವಿಲ್ಲ.

ನಿಮ್ಮ ಸಾರಾಂಶ ನನ್ನ ಮುಂದೆ ಇಲ್ಲ. ಈ ವಿಷಯದ ಸಾರಾಂಶಗಳು ಹೇಗಿರುತ್ತವೋ ಹಾಗೆ ಒಂದನ್ನು ಉದಾಹರಣೆಗೆಂದೇ ಕಟ್ಟಿದ್ದೇನೆ. ಅಂಕಿಗಳು ಲೆಕ್ಕ ತೋರಿಸಲಿಕ್ಕೆ ಮಾತ್ರ, ಯಾವ ಪ್ರಯೋಗದವೂ ಅಲ್ಲ. ಪದಕ್ಕೆ ಪದ ಇಟ್ಟು ಅನುವಾದಿಸಿದರೆ ಅದು ಹೀಗೆ ಬರುತ್ತದೆ:

‘ಕ್ಷಾರ ಮಣ್ಣಿನ ಗುಣಧರ್ಮಗಳು ಹಾಗೂ ಕಬ್ಬಿನ ಇಳುವರಿಯ ಮೇಲೆ ಜಿಪ್ಸಮ್ ಮತ್ತು ಹಸಿರೆಲೆ ಗೊಬ್ಬರದ ಪರಿಣಾಮವನ್ನು ಅಧ್ಯಯನ ಮಾಡಲು ಯಾದೃಚ್ಛಿಕ ಖಂಡ ವಿನ್ಯಾಸದಲ್ಲಿ ಕ್ಷೇತ್ರ ಪ್ರಯೋಗವನ್ನು ಕೈಗೊಳ್ಳಲಾಯಿತು. ಶೇ 50 ಜಿಪ್ಸಮ್ ಅಗತ್ಯತೆ ಮತ್ತು ಸೆಸ್ಬೇನಿಯಾ ಸಂಯೋಜಿತ ಉಪಚಾರದಲ್ಲಿ ವಿನಿಮಯಶೀಲ ಸೋಡಿಯಂ ಶೇಕಡಾಂಶವು 24ರಿಂದ 14ಕ್ಕೆ ಗಮನಾರ್ಹವಾಗಿ ಇಳಿಕೆಯಾಗಿದ್ದು, ಅಂತಃಸ್ರವಣ ದರವು ಅಧಿಕಗೊಂಡಿತು. ಈ ಉಪಚಾರದ ಇಳುವರಿಯು (ಹೆಕ್ಟೇರಿಗೆ 84 ಟನ್) ನಿಯಂತ್ರಣಕ್ಕಿಂತ (62 ಟನ್) ಗಮನಾರ್ಹವಾಗಿ ಹೆಚ್ಚಿದ್ದು, ಶೇ 100 ಜಿಪ್ಸಮ್ ಉಪಚಾರಕ್ಕೆ (87 ಟನ್) ಸಮಾನವಾಗಿತ್ತು.’

ಇದರಲ್ಲಿ ಕಣ್ಣಿಗೆ ಹೊಡೆಯುವುದು ಯಾದೃಚ್ಛಿಕ, ಅಂತಃಸ್ರವಣ, ವಿನಿಮಯಶೀಲದಂಥ ಪದಗಳು. ಆದರೆ ಅವುಗಳಿಂದ ಅಂಥ ಹಾನಿಯಿಲ್ಲ. ತಿಳಿಯದ ಪದ ತಿಳಿಯಲಿಲ್ಲ ಅನ್ನಿಸುತ್ತದೆ, ಅಷ್ಟೇ. ಹಾನಿ ಮಾಡುವುದು ತಿಳಿದಂತೆ ಕಾಣುವ ಪದಗಳು: ಕ್ಷಾರ, ಶೇ 50, ನಿಯಂತ್ರಣ, ಗಮನಾರ್ಹ, ಸಮಾನ. ಈ ಐದರಲ್ಲಿ ಒಂದೊಂದೂ ಓದುಗನನ್ನು ಬೇರೆ ದಾರಿಗೆ ಕರೆದೊಯ್ಯುತ್ತದೆ.

ಮೊದಲು ಕ್ಷಾರ. ಘಟಪ್ರಭಾ, ಮಲಪ್ರಭಾ ಕಾಲುವೆಗಳ ಕೆಳಗಿನ ಊರುಗಳಲ್ಲಿ ‘ಸವಳು-ಜವಳು’ ಎಂಬ ಜೋಡಿ ಪದ ಬಾಯಲ್ಲೇ ಇದೆ. ಸವಳು ಅಂದರೆ ಉಪ್ಪು ಏರಿದ ನೆಲ, ಜವಳು ಅಂದರೆ ನೀರು ನಿಂತು ತೇವ ಆರದ ನೆಲ. ಹೊಲದ್ದೇ ಪದ ಸಿಕ್ಕಿತಲ್ಲ, ‘ಕ್ಷಾರ’ ತೆಗೆದು ‘ಸವಳು’ ಇಟ್ಟರಾಯಿತು ಅನ್ನಿಸುವುದು ಸಹಜ. ಅಲ್ಲೇ ಎಡವುವುದು. ಮಣ್ಣು ವಿಜ್ಞಾನದಲ್ಲಿ ಇವು ಎರಡು ಬೇರೆ ಬೇನೆಗಳು. ಒಂದರಲ್ಲಿ ಮಣ್ಣಿನ ನೀರಿನಲ್ಲಿ ಕರಗಿದ ಉಪ್ಪು ಹೆಚ್ಚಾಗಿರುತ್ತದೆ: ಸಂತೃಪ್ತ ಮಣ್ಣಿನಿಂದ ತೆಗೆದ ನೀರಿನ ಇಸಿ, ಅಂದರೆ ಉಪ್ಪು ಎಷ್ಟಿದೆ ಎಂದು ತೋರಿಸುವ ವಿದ್ಯುತ್ ವಾಹಕತೆ, 4ಕ್ಕಿಂತ ಮೇಲೆ, ಪಿಎಚ್ 8.5ಕ್ಕಿಂತ ಕೆಳಗೆ. ಇನ್ನೊಂದರಲ್ಲಿ ಮಣ್ಣಿನ ಕಣಕ್ಕೇ ಸೋಡಿಯಂ ಅಂಟಿಕೊಂಡಿರುತ್ತದೆ: ಇಎಸ್‌ಪಿ, ಅಂದರೆ ಕಣದ ಮೇಲೆ ಸೋಡಿಯಂ ಹಿಡಿದ ಪಾಲು, ನೂರಕ್ಕೆ 15ಕ್ಕಿಂತ ಮೇಲೆ, ಪಿಎಚ್ ಸಾಮಾನ್ಯವಾಗಿ 8.5 ದಾಟಿರುತ್ತದೆ. ಮೊದಲನೆಯದಕ್ಕೆ ಬಸಿಗಾಲುವೆ ತೆಗೆದು ಒಳ್ಳೆಯ ನೀರು ಕಟ್ಟಿ ಉಪ್ಪನ್ನು ಕೆಳಗೆ ಇಳಿಸಬೇಕು, ಜಿಪ್ಸಮ್‌ನಿಂದ ಅಲ್ಲಿ ಲಾಭವಿಲ್ಲ. ಎರಡನೆಯದಕ್ಕೆ ಮೊದಲು ಜಿಪ್ಸಮ್ ಬೇಕು, ಬರೀ ನೀರು ಕಟ್ಟಿದರೆ ಮಣ್ಣು ಇನ್ನಷ್ಟು ಮುಚ್ಚಿಕೊಳ್ಳುತ್ತದೆ. ಊರಿನವರು ಎರಡನ್ನೂ ಸವಳು ಅನ್ನುತ್ತಾರೆ. ‘ಸವಳು ಭೂಮಿಗೆ ಜಿಪ್ಸಮ್ ಹಾಕಿರಿ’ ಎಂದು ನೀವು ಬರೆದರೆ, ಉಪ್ಪಿನ ಸವಳು ಇದ್ದವನೊಬ್ಬ ಎಕರೆಗೆ 20 ಕ್ವಿಂಟಲ್ ತಂದು ಸುರಿದಾನು. ಒಂದು ಪದದ ಆಯ್ಕೆಗೆ ಬೆಲೆ ಕಟ್ಟುವವನು ಅವನು.

ಹಾಗಾದರೆ ‘ಕ್ಷಾರ’ವೇ ಇರಲಿ ಅನ್ನೋಣವೇ? ಬೆಂಗಳೂರಿನ ಓದುಗನಿಗೆ ಬರೆಯುವುದಾದರೆ ಇರಲಿ ಎನ್ನಬಹುದಿತ್ತು. ನಿಮ್ಮ ಓದುಗರು ರಾಯಬಾಗ, ಅಥಣಿ, ಜಮಖಂಡಿ, ಇಂಡಿ ಕಡೆಯವರು, ಮರಾಠಿ ಕೃಷಿ ಪತ್ರಿಕೆಯನ್ನೂ ಓದುವವರು, ಗಡಿಯಾಚೆಯ ಅಂಗಡಿಯಲ್ಲೂ ವ್ಯವಹಾರ ಮಾಡುವವರು. ಮರಾಠಿಯ ಕೃಷಿ ಮಾತಿನಲ್ಲಿ ಕ್ಷಾರ ಅಂದರೆ ಉಪ್ಪು. ಅಲ್ಲಿ ‘ಕ್ಷಾರಪಡ’ ಅಂದರೆ ಉಪ್ಪೇರಿದ ಜಮೀನು, ನಮ್ಮ ಪುಸ್ತಕದ ‘ಕ್ಷಾರ ಭೂಮಿ’ಗೆ ಅವರ ಪದ ‘ಚೋಪಣ’. ಅಂದರೆ ಒಂದೇ ಸಂಸ್ಕೃತ ಪದ ಗಡಿಯ ಆಚೆ ಈಚೆ ಬೇರೆ ಬೇರೆ ನೆಲಗಳನ್ನು ಹೆಸರಿಸುತ್ತಿದೆ. ಸಂಸ್ಕೃತದಿಂದ ಕಟ್ಟಿದ ಪದ ಎಲ್ಲರಿಗೂ ಒಂದೇ ಅರ್ಥ ಕೊಡುತ್ತದೆ ಎಂಬ ಭರವಸೆ ಗಡಿ ಜಿಲ್ಲೆಗಳಲ್ಲಿ ನಡೆಯುವುದಿಲ್ಲ.

ನನ್ನ ಆಯ್ಕೆ ಕಸಿ ಮಾಡುವುದು. ಬೇರು ಊರಿನದೇ ಇರಲಿ, ಕೊಂಬೆ ಬೇಕಾದದ್ದು ಕಟ್ಟಿ: ಒಂದು ‘ಉಪ್ಪಿನ ಸವಳು’, ಇನ್ನೊಂದು ‘ಸೋಡಿಯಂ ಸವಳು’. ಓದುಗನಿಗೆ ಎರಡೂ ಕೂಡಲೇ ಹಿಡಿಯುತ್ತವೆ, ಎರಡೂ ಬೇರೆ ಎಂಬುದೂ ಹೆಸರಿನಲ್ಲೇ ಇದೆ. ಆದರೆ ಹೆಸರಿನ ಹಿಂದೆಯೇ ಗುರುತು ಹೇಳದಿದ್ದರೆ ಕಸಿ ಒಣಗುತ್ತದೆ. ಉಪ್ಪಿನ ಸವಳಾದರೆ ಹೊಲ ಆರಿದಾಗ ಮೇಲೆ ಬಿಳಿ ಹಿಟ್ಟು ಚೆಲ್ಲಿದಂತೆ ಕಾಣುತ್ತದೆ, ಮಣ್ಣು ಸಡಿಲವೇ ಇರುತ್ತದೆ. ಸೋಡಿಯಂ ಸವಳಾದರೆ ಮಳೆ ನೀರು ದಿನಗಟ್ಟಲೆ ರಾಡಿಯಾಗಿ ನಿಲ್ಲುತ್ತದೆ, ಆರಿದ ಮೇಲೆ ಕಪ್ಪು ಹೊಳಪಿನ ಪದರ ಕಟ್ಟಿ ನೆಲ ಕಲ್ಲಾಗುತ್ತದೆ. ಎರಡೂ ಬೆರೆತ ಹೊಲಗಳೂ ಇವೆ, ಆದ್ದರಿಂದ ಕಣ್ಣಿನ ಗುರುತು ಮಣ್ಣು ಪರೀಕ್ಷೆಗೆ ಕಳಿಸಲಿಕ್ಕೆ ಸಾಕು, ಜಿಪ್ಸಮ್ ತರಲಿಕ್ಕೆ ಸಾಲದು. ಇಲಾಖೆಯವರು ಇದನ್ನೇ ‘ಕ್ಷಾರ ಭೂಮಿ’ ಅನ್ನುತ್ತಾರೆ ಎಂದು ಒಂದೇ ಒಂದು ಸಲ ಬರೆಯಿರಿ. ರೈತ ಸಂಪರ್ಕ ಕೇಂದ್ರಕ್ಕೆ ಹೋದಾಗ ಅದೇ ಪದ ಕೇಳಿಸುತ್ತದೆ, ಆಗ ಅವರು ತಬ್ಬಿಬ್ಬಾಗಬಾರದು.

ಈಗ ನಿಮ್ಮ ಮನೆಯ ಜಗಳಕ್ಕೆ ಬರೋಣ, ವಿನಿಮಯಶೀಲ ಸೋಡಿಯಂ ಶೇಕಡಾಂಶ. ಮೊದಲು ಆ ಪದ ಏನು ಹೇಳುತ್ತಿದೆ ಎಂದು ಬಿಡಿಸಿ. ಎರಿ ಮಣ್ಣಿನ ಜಿಗುಟಾದ ಕಣದ ಮೈಮೇಲೆ ಪೋಷಕಾಂಶಗಳು ಕೂರುವ ಜಾಗಗಳಿವೆ. ಅಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ, ಸೋಡಿಯಂ ಕೂತಿರುತ್ತವೆ, ಒಂದು ಎದ್ದರೆ ಇನ್ನೊಂದು ಕೂರಬಹುದು. ‘ವಿನಿಮಯಶೀಲ’ ಅಂದರೆ ಇಷ್ಟೇ. ಇಎಸ್‌ಪಿ 24 ಅಂದರೆ ನೂರು ಜಾಗದಲ್ಲಿ 24 ಜಾಗ ಸೋಡಿಯಂ ಹಿಡಿದಿದೆ. ಬಸ್ಸಿನ ಸೀಟಿಗಿಂತ ಚೆನ್ನಾದ ಹೋಲಿಕೆ ಇಲ್ಲಿ ಬೇಕಿಲ್ಲ. ಸೋಡಿಯಂ ಹೆಚ್ಚು ಸೀಟು ಹಿಡಿದರೆ ಕಣಗಳು ಒಂದನ್ನೊಂದು ಬಿಟ್ಟು ಚದುರುತ್ತವೆ, ನೀರಿನ ಸಣ್ಣ ದಾರಿಗಳೆಲ್ಲ ಮುಚ್ಚುತ್ತವೆ. ಜಿಪ್ಸಮ್‌ನಲ್ಲಿರುವ ಕ್ಯಾಲ್ಸಿಯಂ ಬಂದು ಸೋಡಿಯಂ ಅನ್ನು ಎಬ್ಬಿಸಿ ತಾನು ಕೂರುತ್ತದೆ. ಎದ್ದ ಸೋಡಿಯಂ ನೀರಿನಲ್ಲಿ ಕರಗಿ ಬಸಿಗಾಲುವೆ ಹಿಡಿದು ಹೊರಗೆ ಹೋಗಬೇಕು. ಹೊರಗೆ ಹೋಗುವ ದಾರಿ ಇಲ್ಲದಿದ್ದರೆ ಜಿಪ್ಸಮ್ ಹಾಕಿದ್ದೂ ಹಾಕದ್ದೂ ಹೆಚ್ಚುಕಡಿಮೆ ಒಂದೇ.

ಇಷ್ಟು ಹೇಳಿದ ಮೇಲೆ ಪದದ ಹಂಗು ಬೇಕೇ? ಇಲ್ಲಿ ನಿಯಮ ಕೆಲಸಕ್ಕೆ ಬರುತ್ತದೆ. 2015ರಲ್ಲಿ ಶುರುವಾದ ಮಣ್ಣಿನ ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳಿರುತ್ತವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಜೊತೆಗೆ ಪಿಎಚ್, ಇಸಿ, ಸಾವಯವ ಇಂಗಾಲ. ಇಎಸ್‌ಪಿ ಅದರಲ್ಲಿ ಇಲ್ಲ. ಹಾಗಾಗಿ ಓದುಗನ ಕಾರ್ಡಿನಲ್ಲಿ ಆ ಅಂಕಿ ಹುಡುಕಿದರೆ ಸಿಗುವುದಿಲ್ಲ, ಪ್ರಯೋಗಾಲಯದಲ್ಲಿ ಬೇರೆಯಾಗಿ ಕೇಳಬೇಕು. ಕೇಳುವಾಗ ಬಾಯಿಂದ ಬರಬೇಕಾದ ಪದ ‘ಇಎಸ್‌ಪಿ’. ‘ವಿನಿಮಯಶೀಲ ಸೋಡಿಯಂ ಶೇಕಡಾಂಶ ನೋಡಿ ಕೊಡ್ರಿ’ ಎಂದರೆ ಒಳಗಿದ್ದವರೂ ಒಂದು ಕ್ಷಣ ಮುಖ ನೋಡುತ್ತಾರೆ. ಆದ್ದರಿಂದ ಲೇಖನದ ತುಂಬ ‘ನೂರರಲ್ಲಿ ಇಷ್ಟು ಜಾಗ’ ಎಂದೇ ಬರೆದು, ಪರೀಕ್ಷೆ ಮಾಡಿಸುವ ವಾಕ್ಯದಲ್ಲಿ ಮಾತ್ರ ‘ಇಎಸ್‌ಪಿ’ ಇಡಿ. ಅಪ್ಪನವರ ಮಾತು ಅಷ್ಟರ ಮಟ್ಟಿಗೆ ಗೆದ್ದಿತು.

ಪಿಎಚ್‌ನ ಕಥೆ ತಿರುಗು ಮುರುಗು. ಇದಕ್ಕೆ ‘ರಸಸಾರ’ ಎಂಬ ಕಟ್ಟಿದ ಪದ ಕೃಷಿ ಇಲಾಖೆಯ ಕನ್ನಡದಲ್ಲಿ ನೆಲೆ ನಿಂತಿದೆ, ಮಣ್ಣು ಪರೀಕ್ಷೆ ಮಾಡಿಸಿದವರು ನೋಡಿರುತ್ತಾರೆ. ಅವರ ಮಕ್ಕಳು ಶಾಲೆಯಲ್ಲಿ ಪಿಎಚ್ ಅಂತಲೇ ಕಲಿತಿರುತ್ತಾರೆ. ಎರಡನ್ನೂ ಒಮ್ಮೆ ಜೋಡಿಸಿ, ‘ರಸಸಾರ, ಅಂದರೆ ಪಿಎಚ್’ ಎಂದು ಬರೆದು, ಮುಂದೆ ಒಂದನ್ನೇ ಹಿಡಿದು ಹೋಗಿ. ಮಧ್ಯದಲ್ಲಿ ಬದಲಿಸಿದರೆ ಓದುಗ ಎರಡು ಬೇರೆ ಅಂಕಿ ಎಂದುಕೊಳ್ಳುತ್ತಾನೆ.

ಇಸಿ ಮಾತ್ರ ಜೋಪಾನ. ‘ವಿದ್ಯುತ್ ವಾಹಕತೆ’ ಎಂದು ಕನ್ನಡ ಮಾಡಿದರೂ, ಇಸಿ ಎಂದೇ ಬಿಟ್ಟರೂ, ತೊಂದರೆ ಪದದಲ್ಲಿಲ್ಲ, ಅಳತೆಯಲ್ಲಿದೆ. ಪ್ರಬಂಧದಲ್ಲಿ 4 ಎಂಬ ಗಡಿ ಇರುವುದು ಮಣ್ಣಿಗೆ ಕೆಸರಾಗುವಷ್ಟೇ ನೀರು ಕುಡಿಸಿ ಹಿಂಡಿ ತೆಗೆದ ದ್ರವಕ್ಕೆ. ಇಂಗ್ಲಿಷಿನಲ್ಲಿ ಅದಕ್ಕೆ ಕೊನೆಯಲ್ಲೊಂದು ಪುಟ್ಟ ‘ಇ’ ಅಕ್ಷರ ಸೇರಿಸಿರುತ್ತಾರೆ, ಅನುವಾದದಲ್ಲಿ ಮೊದಲು ಉದುರುವುದು ಅದೇ. ಕಾರ್ಡಿನ ಇಸಿಯನ್ನು ಒಂದು ಪಾಲು ಮಣ್ಣಿಗೆ ಎರಡು ಅಥವಾ ಎರಡೂವರೆ ಪಾಲು ನೀರು ಬೆರೆಸಿ ಅಳೆಯುತ್ತಾರೆ. ನೀರು ಹೆಚ್ಚಾದ್ದರಿಂದ ಉಪ್ಪು ತೆಳುವಾಗಿ ಅಂಕಿ ಕಡಿಮೆ ಬರುತ್ತದೆ. ಕಾರ್ಡಿನಲ್ಲಿ 1.5 ಕಂಡವನು ನಿಮ್ಮ ಲೇಖನದ 4 ಓದಿ ‘ನಮ್ಮದು ಚಲೋ ಐತಿ’ ಎಂದು ನಿಶ್ಚಿಂತನಾದರೆ ತಪ್ಪು ನಿಮ್ಮದು. ಆ ಅಂಕಿ ಕೊಡಲೇಬೇಕಾದರೆ ‘ಕಾರ್ಡಿನ ಇಸಿಯ ಜೊತೆ ಇದನ್ನು ಹೋಲಿಸಬೇಡಿ’ ಎಂದು ಪಕ್ಕದಲ್ಲೇ ಬರೆಯಿರಿ. ನಿಮ್ಮ ವಿಷಯ ಸೋಡಿಯಂ ಸವಳಾದ್ದರಿಂದ ಇಸಿಯನ್ನೇ ಬಿಟ್ಟುಬಿಡುವುದು ಇನ್ನೂ ಒಳ್ಳೆಯದು.

ಕ್ಯಾಲ್ಸಿಯಂ ಬಗ್ಗೆ ಒಂದು ಎಚ್ಚರಿಕೆ. ತಿಳಿಗನ್ನಡದ ಹುಮ್ಮಸ್ಸಿನಲ್ಲಿ ಇದನ್ನು ‘ಸುಣ್ಣದ ಅಂಶ’ ಎಂದು ಬರೆಯುವುದುಂಟು. ಹಾಲು, ಮೂಳೆಯ ಲೇಖನದಲ್ಲಿ ನಡೆದೀತು. ಇಲ್ಲಿ ‘ಸುಣ್ಣದ ಅಂಶ ಬಂದು ಸೋಡಿಯಂ ಅನ್ನು ಎಬ್ಬಿಸುತ್ತದೆ’ ಎಂದು ಬರೆದರೆ ಓದಿದವನು ಹೊಲಕ್ಕೆ ಸುಣ್ಣ ಹಾಕುತ್ತಾನೆ. ಜಿಪ್ಸಮ್‌ಗಿಂತ ಸುಣ್ಣ ಹತ್ತಿರದಲ್ಲೇ ಸಿಗುತ್ತದಲ್ಲ! ಸುಣ್ಣ ಹುಳಿ ಮಣ್ಣಿಗೆ ಹೇಳಿದ್ದು, ರಸಸಾರವನ್ನು ಏರಿಸುತ್ತದೆ. ನಮ್ಮ ಕಡೆಯ ಎರಿ ಹೊಲಗಳಲ್ಲಿ ಸುಣ್ಣದ ಹರಳು ಮೊದಲೇ ಬೇಕಾದಷ್ಟಿದೆ, ಆದರೆ ಅದು ಕರಗುವುದಿಲ್ಲ, ಹಾಗಾಗಿ ಕೆಲಸಕ್ಕೆ ಬರುವುದಿಲ್ಲ. ಇಲ್ಲಿ ಕ್ಯಾಲ್ಸಿಯಂ ಎಂಬ ಎರವಲು ಪದವೇ ಸುರಕ್ಷಿತ, ಅಪರಿಚಿತವಾಗಿದೆ ಎಂಬುದೇ ಅದರ ಗುಣ.

ಸೆಸ್ಬೇನಿಯಾಕ್ಕೂ ಇಂಥದೇ ಗತಿ. ನಿಘಂಟು ಹಿಡಿದು ಹೋದರೆ ಹಸಿರೆಲೆ ಗೊಬ್ಬರ ಎಂದ ಕೂಡಲೇ ‘ಸೆಣಬು’ ಕೈಗೆ ಬರುತ್ತದೆ. ಸೆಣಬು ಬೇರೆ ಗಿಡ, ನೀರು ನಿಲ್ಲುವ ನೆಲ ಅದಕ್ಕೆ ಆಗುವುದಿಲ್ಲ. ಬೀಜದಂಗಡಿಯಲ್ಲಿ ಕೇಳಬೇಕಾದ ಹೆಸರು ಡಯಂಚ. ಅದು ಇಂಗ್ಲಿಷೂ ಅಲ್ಲ, ಕಟ್ಟಿದ ಕನ್ನಡವೂ ಅಲ್ಲ, ಉತ್ತರದಿಂದ ಬೀಜದ ಜೊತೆಗೇ ಬಂದ ಹೆಸರು.

ಇನ್ನು ಪ್ರಯೋಗದ ಭಾಷೆ. ‘ನಿಯಂತ್ರಣ’ ಎಂದರೆ ರೈತರ ಮಟ್ಟಿಗೆ ರೋಗ ನಿಯಂತ್ರಣ, ಕಳೆ ನಿಯಂತ್ರಣ. ‘ನಿಯಂತ್ರಣ ತಾಕಿನಲ್ಲಿ ಇಳುವರಿ ಕಡಿಮೆ’ ಎಂದು ಓದಿದರೆ ಏನೋ ಔಷಧಿ ಹೊಡೆದು ನಿಯಂತ್ರಿಸಿದ ತಾಕು ಎಂದುಕೊಳ್ಳುತ್ತಾರೆ, ಅರ್ಥ ತಲೆಕೆಳಗಾಗುತ್ತದೆ. ‘ಏನೂ ಹಾಕದೆ ಬಿಟ್ಟ ತಾಕು’ ಎನ್ನಿ. ‘ಉಪಚಾರ’ವೂ ಬೇಡ, ಬೀಜೋಪಚಾರ ನೆನಪಾಗುತ್ತದೆ. ‘ಪದ್ಧತಿ’ ಸಾಕು. ಯಾದೃಚ್ಛಿಕ ಖಂಡ ವಿನ್ಯಾಸವನ್ನು ಹೆಸರಿಲ್ಲದೆ ಹೇಳಬಹುದು: ‘ಒಂದೇ ಹೊಲದಲ್ಲೂ ಒಂದು ಮೂಲೆ ಚಲೋ, ಒಂದು ಮೂಲೆ ಕೆಟ್ಟದ್ದು ಇರುತ್ತದೆ. ಅದು ಲೆಕ್ಕ ಕೆಡಿಸಬಾರದೆಂದು ಪ್ರತಿ ಪದ್ಧತಿಯನ್ನು ಚೀಟಿ ಎತ್ತಿ ಹೊಲದ ಬೇರೆ ಬೇರೆ ಕಡೆ ಮೂರು ಸಲ ಮಾಡಿ ನೋಡಲಾಯಿತು.’ ಜಾಗ ಇಲ್ಲದಿದ್ದರೆ ಇದನ್ನೂ ಬಿಡಬಹುದು. ಅಂತಃಸ್ರವಣ ದರಕ್ಕಂತೂ ನಮ್ಮಲ್ಲಿ ‘ನೀರು ಇಂಗುವುದು’ ಎಂಬ ಕ್ರಿಯಾಪದ ಇದೆ. ನಾಮಪದಗಳ ಗುಡ್ಡೆಯನ್ನು ಕ್ರಿಯಾಪದ ಮಾಡಿದರೆ ಅರ್ಧದಷ್ಟು ಪಾರಿಭಾಷಿಕ ಪದಗಳು ತಾವಾಗಿ ಕರಗುತ್ತವೆ.

‘ಗಮನಾರ್ಹ’ ಮತ್ತು ‘ಸಮಾನ’ ಇವೆರಡರಲ್ಲಿ ನಿಧಾನಿಸಿ. ದಿನನಿತ್ಯದ ಕನ್ನಡದಲ್ಲಿ ಗಮನಾರ್ಹ ಅಂದರೆ ದೊಡ್ಡದು. ಸಂಖ್ಯಾಶಾಸ್ತ್ರದಲ್ಲಿ ಹಾಗಲ್ಲ. ಪದ್ಧತಿಗಳ ನಡುವೆ ನಿಜವಾಗಿ ಭೇದವೇ ಇಲ್ಲದಿದ್ದರೂ ಇಂಥ ಅಂತರ ಸುಮ್ಮನೆ ಬಂದುಬಿಡುವ ಸಂಭವ ನೂರಕ್ಕೆ ಐದಕ್ಕಿಂತ ಕಡಿಮೆ, ಅಷ್ಟೇ ಅದರ ಅರ್ಥ. ಅಂತರ ಚಿಕ್ಕದಿದ್ದೂ ಈ ಅರ್ಥದಲ್ಲಿ ಗಮನಾರ್ಹವಾಗಬಹುದು. ನಿಮ್ಮ ಕೋಷ್ಟಕದ ಕೆಳಗೆ ಸಿಡಿ ಎಂಬ ಅಂಕಿ ಇರುತ್ತದೆ, ಎರಡು ಪದ್ಧತಿಗಳ ಅಂತರ ಅದನ್ನು ದಾಟಿದರೆ ಮಾತ್ರ ಗಮನಾರ್ಹ. ಉದಾಹರಣೆಯಲ್ಲಿ ಅದು ಹೆಕ್ಟೇರಿಗೆ 6 ಟನ್ ಎಂದಿಟ್ಟುಕೊಳ್ಳಿ. ಏನೂ ಹಾಕದ ತಾಕಿಗೂ ಅರ್ಧ ಜಿಪ್ಸಮ್ ತಾಕಿಗೂ 22 ಟನ್ ಅಂತರ, 6ಕ್ಕಿಂತ ಬಹಳ ಹೆಚ್ಚು. ಆದ್ದರಿಂದ ‘ಈ ಹೆಚ್ಚಳ ಹೊಲದ ಏರುಪೇರಿನಿಂದ ಬಂದದ್ದಲ್ಲ’ ಎನ್ನಬಹುದು. ಅರ್ಧ ಜಿಪ್ಸಮ್‌ಗೂ ಪೂರ್ತಿ ಜಿಪ್ಸಮ್‌ಗೂ 3 ಟನ್ ಅಂತರ, 6ರ ಒಳಗೆ. ಇದನ್ನೇ ಇಂಗ್ಲಿಷ್ ಸಾರಾಂಶದಲ್ಲಿ ‘ಆನ್ ಪಾರ್’ ಅನ್ನುವುದು. ‘ಸಮಾನ’ ಎಂದರೆ ಎರಡೂ ಒಂದೇ ಎಂದು ಸಾಬೀತಾಯಿತು ಅನ್ನಿಸುತ್ತದೆ. ಆದದ್ದು ಅದಲ್ಲ: ಯಾವುದು ಮೇಲು ಎಂದು ಈ ಪ್ರಯೋಗ ಹೇಳಲಾರದು. ಕನ್ನಡದಲ್ಲಿ ಹೀಗೆ ಬರೆಯಿರಿ: ‘ಪೂರ್ತಿ ಜಿಪ್ಸಮ್ ಹಾಕಿದ್ದರಲ್ಲಿ ತುಸು ಹೆಚ್ಚು ಕಂಡರೂ, ಆ ಹೆಚ್ಚಳ ಜಿಪ್ಸಮ್‌ನಿಂದಲೇ ಬಂತು ಎನ್ನಲು ಈ ಪ್ರಯೋಗದಲ್ಲಿ ಆಧಾರ ಸಾಲದು.’ ಉದ್ದವಾಯಿತು, ನಿಜ. ರೈತ ಹಣ ಹಾಕುವ ನಿರ್ಧಾರ ನಿಂತಿರುವುದು ಈ ವಾಕ್ಯದ ಮೇಲೆಯೇ, ಉಳಿತಾಯ ಬೇರೆ ಕಡೆ ಮಾಡಿ.

‘ಶೇ 50 ಜಿಪ್ಸಮ್’ ಓದಿದರೆ ಅರ್ಧ ಕಲಬೆರಕೆಯ ಜಿಪ್ಸಮ್ ಎನ್ನಿಸುತ್ತದೆ. ಹೇಳಬೇಕಾದದ್ದು, ಮಣ್ಣು ಪರೀಕ್ಷೆಯಲ್ಲಿ ಈ ಹೊಲಕ್ಕೆ ಇಷ್ಟು ಬೇಕು ಎಂದು ಬಂದ ಪ್ರಮಾಣದ ಅರ್ಧ. ಆ ಪ್ರಮಾಣ ಹೆಕ್ಟೇರಿಗೆ 10 ಟನ್ ಎಂದಾದರೆ ಎಕರೆಗೆ ಎಷ್ಟೆಂದು 2.47ರಿಂದ ಭಾಗಿಸಿ: ಸುಮಾರು 40 ಕ್ವಿಂಟಲ್. ಅರ್ಧ ಅಂದರೆ 20 ಕ್ವಿಂಟಲ್, 50 ಕಿಲೊ ಚೀಲದ ಲೆಕ್ಕದಲ್ಲಿ 40 ಚೀಲ. ಇಳುವರಿಯೂ ಎಕರೆಗೇ ಇರಲಿ: 62, 84, 87 ಟನ್‌ಗಳು 25, 34, 35 ಟನ್ ಆಗುತ್ತವೆ. 25.1, 34.0 ಎಂದು ದಶಾಂಶ ಉಳಿಸಿಕೊಳ್ಳಬೇಡಿ. ಕಬ್ಬು ತೂಗುವವರಿಗೆ ಅಷ್ಟು ನಿಖರತೆ ನಂಬಿಕೆ ತರುವುದಿಲ್ಲ, ನಗು ತರುತ್ತದೆ.

ಇಷ್ಟೆಲ್ಲ ಸೇರಿಸಿದರೆ ಬರಹ ಹೀಗಾಗುತ್ತದೆ:

‘ಮಳೆ ನಿಂತು ದಿನಗಳಾದರೂ ಎರಿ ಹೊಲದಲ್ಲಿ ನೀರು ಇಂಗದೆ ರಾಡಿಯಾಗಿ ನಿಲ್ಲುತ್ತದೆಯೇ? ಆರಿದ ಮೇಲೆ ಕಪ್ಪು ಹೊಳಪಿನ ಪದರ ಕಟ್ಟಿ ನೆಲ ಕಲ್ಲಾಗುತ್ತದೆಯೇ? ಹಾಗಿದ್ದರೆ ಅದು ಬಿಳಿ ಹಿಟ್ಟಿನಂತೆ ಕಾಣುವ ಉಪ್ಪಿನ ಸವಳಲ್ಲ, ಸೋಡಿಯಂ ಸವಳು ಇರಬಹುದು. ಇಲಾಖೆಯವರು ಇದನ್ನೇ ಕ್ಷಾರ ಭೂಮಿ ಅನ್ನುತ್ತಾರೆ. ಎರಡಕ್ಕೂ ಮದ್ದು ಬೇರೆ. ಆದ್ದರಿಂದ ಮೊದಲು ಪ್ರಯೋಗಾಲಯದಲ್ಲಿ “ಇಎಸ್‌ಪಿ ಮತ್ತು ಎಷ್ಟು ಜಿಪ್ಸಮ್ ಬೇಕು ಎರಡೂ ನೋಡಿ” ಎಂದು ಕೇಳಿ. ಮಣ್ಣಿನ ಆರೋಗ್ಯ ಕಾರ್ಡಿನಲ್ಲಿ ಇವು ಇರುವುದಿಲ್ಲ.

‘ಸೋಡಿಯಂ ಸವಳಿನ ಒಂದು ಕಬ್ಬಿನ ಹೊಲದಲ್ಲಿ ಮೂರು ಪದ್ಧತಿಗಳನ್ನು ಹೋಲಿಸಲಾಯಿತು. ಒಂದರಲ್ಲಿ ಏನೂ ಹಾಕಲಿಲ್ಲ. ಒಂದರಲ್ಲಿ ಪರೀಕ್ಷೆ ಹೇಳಿದಷ್ಟು ಜಿಪ್ಸಮ್, ಎಕರೆಗೆ 40 ಕ್ವಿಂಟಲ್, ಹಾಕಲಾಯಿತು. ಇನ್ನೊಂದರಲ್ಲಿ ಅದರ ಅರ್ಧ ಹಾಕಿ, ಡಯಂಚ ಬೆಳೆದು ಹೂ ಬಿಡುವ ಮೊದಲು ಮಣ್ಣಿಗೆ ಸೇರಿಸಲಾಯಿತು. ಏನೂ ಹಾಕದ ತಾಕಿನಲ್ಲಿ ಎಕರೆಗೆ 25 ಟನ್ ಕಬ್ಬು ಬಂದರೆ, ಅರ್ಧ ಜಿಪ್ಸಮ್ ಮತ್ತು ಡಯಂಚ ಸೇರಿದ ತಾಕಿನಲ್ಲಿ 34 ಟನ್ ಬಂತು. ಪೂರ್ತಿ ಜಿಪ್ಸಮ್ ತಾಕಿನಲ್ಲಿ 35 ಟನ್ ಬಂದರೂ, ಆ ಒಂದು ಟನ್ ಹೆಚ್ಚಳ ಜಿಪ್ಸಮ್‌ನಿಂದಲೇ ಎನ್ನಲು ಆಧಾರ ಸಾಲದು.

‘ಮಣ್ಣಿನ ಕಣದ ಮೇಲೆ ನೂರು ಜಾಗವಿದ್ದರೆ ಮೊದಲು 24ನ್ನು ಸೋಡಿಯಂ ಹಿಡಿದಿತ್ತು, ಅರ್ಧ ಜಿಪ್ಸಮ್ ಮತ್ತು ಡಯಂಚದ ನಂತರ 14ಕ್ಕೆ ಇಳಿಯಿತು. ಜಿಪ್ಸಮ್‌ನ ಕ್ಯಾಲ್ಸಿಯಂ ಸೋಡಿಯಂ ಅನ್ನು ಎಬ್ಬಿಸಿ ತಾನು ಕೂತಿತು, ನೀರು ಮೊದಲಿಗಿಂತ ಬೇಗ ಇಂಗತೊಡಗಿತು. ಎದ್ದ ಸೋಡಿಯಂ ಹೊರಗೆ ಹೋಗಲು ಬಸಿಗಾಲುವೆ ಇರಲೇಬೇಕು. ಜಿಪ್ಸಮ್ ಬದಲು ಸುಣ್ಣ ಹಾಕಬಾರದು.’

ಇದರಲ್ಲಿ ಎರವಲು ಪದ ಎಣಿಸಿ: ಸೋಡಿಯಂ, ಜಿಪ್ಸಮ್, ಕ್ಯಾಲ್ಸಿಯಂ, ಇಎಸ್‌ಪಿ, ಡಯಂಚ, ಮತ್ತೆ ಯಾರಿಗೂ ಎರವಲು ಅನ್ನಿಸದ ಎಕರೆ, ಟನ್, ಕ್ವಿಂಟಲ್, ಕಾರ್ಡು. ಮೊದಲ ಪ್ಯಾರಾ ಮತ್ತು ಕೊನೆಯ ಎರಡು ವಾಕ್ಯಗಳು ಮೂಲ ಸಾರಾಂಶದಲ್ಲಿ ಇರುವುದಿಲ್ಲ. ಅವನ್ನು ಸೇರಿಸಿದ್ದು ಅನುವಾದವಲ್ಲ, ಸಂಶೋಧಕರ ಒಪ್ಪಿಗೆ ಬೇಕಾದ ಮಾತು. ಇಲ್ಲಿ ಸಂಶೋಧಕರು ನೀವೇ ಆದ್ದರಿಂದ ತೊಂದರೆಯಿಲ್ಲ. ಬೇರೆಯವರ ಸಾರಾಂಶವಾದರೆ ಕೇಳಿಯೇ ಸೇರಿಸಬೇಕು. ಹಾಗೆಯೇ ‘ಒಂದು ಕಬ್ಬಿನ ಹೊಲದಲ್ಲಿ’ ಎಂಬ ಮಾತನ್ನು ಸಂಪಾದಕರು ಕತ್ತರಿಸದಂತೆ ನೋಡಿಕೊಳ್ಳಿ. ಅದು ಹೋದರೆ ಒಂದು ಪ್ರಯೋಗದ ಫಲಿತಾಂಶ ಇಡೀ ಜಿಲ್ಲೆಗೆ ಶಿಫಾರಸಾಗಿಬಿಡುತ್ತದೆ.

ಚಿಕ್ಕದೊಂದು ವ್ಯಾಕರಣದ ತಂಟೆ: ‘ಸೋಡಿಯಂ ಅನ್ನು’, ‘ಸೋಡಿಯಮನ್ನು’, ‘ಸೋಡಿಯಮ್ಮನ್ನು’ ಮೂರೂ ಅಚ್ಚಾಗುತ್ತವೆ. ಯಾವುದನ್ನಾದರೂ ಒಂದು ಹಿಡಿಯಿರಿ. ಕಿವಿಗೆ ಕಿರಿಕಿರಿ ಅನ್ನಿಸಿದರೆ ವಾಕ್ಯ ತಿರುಗಿಸಿ, ‘ಸೋಡಿಯಂ ಏಳುತ್ತದೆ’ ಎಂದು ಅದನ್ನೇ ಕರ್ತೃ ಮಾಡಿಬಿಡಿ, ವಿಭಕ್ತಿ ಬೇಕಾಗುವುದಿಲ್ಲ.

ಕಳಿಸುವ ಮೊದಲು ಅಪ್ಪನವರಿಗೇ ಓದಿ ಹೇಳಿ, ಆದರೆ ‘ತಿಳೀತೇನ್ರಿ ಅಪ್ಪಾರ’ ಎಂದು ಕೇಳಬೇಡಿ. ಮಗಳು ಬರೆದದ್ದಕ್ಕೆ ಯಾರೂ ತಿಳಿಯಲಿಲ್ಲ ಅನ್ನುವುದಿಲ್ಲ. ‘ಈಗ ನೀವು ನಾಳೆ ಏನ್ ಮಾಡ್ತೀರಿ’ ಎಂದು ಕೇಳಿ. ‘ಜಿಪ್ಸಮ್ ತರ್ತೀನಿ’ ಎಂದರೆ ಮೊದಲ ಪ್ಯಾರಾ ಮತ್ತೆ ಬರೆಯಬೇಕು. ‘ಮಣ್ಣು ತಗೊಂಡು ಹೋಗಿ ಇಎಸ್‌ಪಿ ನೋಡಸ್ತೀನಿ’ ಎಂದರೆ ಅಂಚೆಗೆ ಹಾಕಬಹುದು.